ಬೀಡಿ ಬಿಟ್ಟ ಮೇಲೂ ಏದುಸಿರೇ? ಉಸಿರು ಬಿಡುವುದನ್ನು ಮೊದಲು ಕಲಿಯಿರಿ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವವರಲ್ಲಿ ಕೆಲವರು ಆಗಾಗ ನಿಂತು, ಭುಜವೆತ್ತಿ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿರುತ್ತಾರೆ. ಎಷ್ಟೋ ವರ್ಷ ಬೀಡಿ, ಸಿಗರೇಟು ಸೇದಿ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಬಂದವರಿಗೆ ತೊಂದರೆ ಹೆಚ್ಚಾಗಿರುವುದು ಗಾಳಿ ಒಳಗೆ ಹೋಗುವುದರಲ್ಲಲ್ಲ, ಹೊರಗೆ ಬರುವುದರಲ್ಲಿ. ಆಸರೆ ಕಳೆದುಕೊಂಡ ಸಣ್ಣ ಶ್ವಾಸನಾಳಗಳು ಉಸಿರು ಬಿಡುವಾಗ ಮುಚ್ಚಿಕೊಳ್ಳುತ್ತವೆ. ಹಳೆಯ ಗಾಳಿ ಒಳಗೇ ಉಳಿದರೆ ಹೊಸ ಗಾಳಿಗೆ ಜಾಗವೆಲ್ಲಿ?

ಮೊದಲ ಹಂತ ಸುಲಭ. ಕುರ್ಚಿಯಲ್ಲಿ ಕುಳಿತು, ಭುಜ ಸಡಿಲಬಿಟ್ಟು, ಬಾಯಿ ಮುಚ್ಚಿ ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ.

ಎರಡನೆಯದರಲ್ಲೇ ಬಹುತೇಕರು ಎಡವುತ್ತಾರೆ. ಬಿಸಿ ಕಾಫಿ ಆರಿಸುವಾಗಿನಂತೆ ತುಟಿ ಕಿರಿದು ಮಾಡಿ, ನಾಲ್ಕು ಎಣಿಸುತ್ತಾ ಮೆಲ್ಲಗೆ ಬಿಡಬೇಕು. ಕಿರಿದಾದ ತುಟಿ ಒಳಗೆ ಸ್ವಲ್ಪ ಒತ್ತಡ ಉಳಿಸಿ ಶ್ವಾಸನಾಳಗಳನ್ನು ತೆರೆದಿಡುತ್ತದೆ. ಆದರೆ ಜನ ಊದುತ್ತಾರೆ! ಕೆನ್ನೆ ಉಬ್ಬುತ್ತದೆ, ಹೊಟ್ಟೆ ಬಿಗಿಯುತ್ತದೆ. ಹಾಗೆ ಬಲವಂತ ಮಾಡಿದರೆ ಎದೆಯ ಒತ್ತಡವೇ ನಾಳಗಳನ್ನು ಹಿಸುಕಿ ಮುಚ್ಚುತ್ತದೆ. ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ: ಗಾಳಿ ತೆಳ್ಳಗೆ, ಒಂದೇ ಸಮನಾಗಿ ತಾಗಬೇಕು. ಕೊನೆಯ ತುಣುಕು ಗಾಳಿಯನ್ನೂ ಹಿಂಡಿ ತೆಗೆಯಲು ಹೋಗಬೇಡಿ. ತಲೆ ಸುತ್ತಿದರೆ ನಿಲ್ಲಿಸಿ, ಮಾಮೂಲಿನಂತೆ ಉಸಿರಾಡಿ.

ಬಲೂನು ಊದುವ ಅಡ್ಡದಾರಿ ಬೇಡವೇ ಬೇಡ. ಔಷಧ ಅಂಗಡಿಯ ಮೂರು ಚೆಂಡಿನ ಉಪಕರಣವನ್ನು ಶಸ್ತ್ರಚಿಕಿತ್ಸೆ ಆದವರಿಗೆ ಹೆಚ್ಚಾಗಿ ಕೊಡುತ್ತಾರೆ. ಅದು ಕಲಿಸುವುದು ಉಸಿರು ಎಳೆಯುವುದನ್ನು. ಯೋಗದ ಊರಾದ ಮೈಸೂರಿನಲ್ಲಿ ಇದನ್ನೂ ಹೇಳಲೇಬೇಕು: ಏದುಸಿರು ಇರುವವರಿಗೆ ಕಪಾಲಭಾತಿ, ಭಸ್ತ್ರಿಕಾ, ಕುಂಭಕ ಸಲ್ಲದು.

ಕುಳಿತು ರೂಢಿಯಾದ ಮೇಲೆ ಮೆಟ್ಟಿಲು. ಮಂಡ್ಯದ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮೊದಲ ಮಹಡಿಯ ಮನೆಗೆ ಉಸಿರು ಬಿಗಿಹಿಡಿದು ಒಂದೇ ಓಟಕ್ಕೆ ಹತ್ತುತ್ತಿದ್ದರು. ಮೇಲೆ ತಲುಪಿದರೆ ಮಾತೇ ಹೊರಡುತ್ತಿರಲಿಲ್ಲ. ಈಗ ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಬಿಡುತ್ತಾ ಎರಡು ಮೆಟ್ಟಿಲು ಹತ್ತುತ್ತಾರೆ, ಮತ್ತೆ ನಿಲ್ಲುತ್ತಾರೆ. ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಬಾಗಿಲು ತೆರೆದ ಸೊಸೆಯ ಜೊತೆ ಆಗಲೇ ಮಾತನಾಡಬಲ್ಲರು. ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಬಿಂದಿಗೆ ಎತ್ತುವುದಕ್ಕೂ ಇದೇ ಕ್ರಮ: ಶ್ರಮ ಬೀಳುವಾಗ ಉಸಿರು ಹೊರಗೆ.

ಹೋದ ಶ್ವಾಸಕೋಶವನ್ನು ಇದು ಮರಳಿ ಕೊಡುವುದಿಲ್ಲ. ನಡಿಗೆಯ ಶಕ್ತಿ ಹೆಚ್ಚಬೇಕಾದರೆ ಕಾಲಿನ ಸ್ನಾಯುಗಳೂ ಬಲಗೊಳ್ಳಬೇಕು. ಅದಕ್ಕೇ ಪುನಶ್ಚೇತನ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ 6ರಿಂದ 8 ವಾರ, ವಾರಕ್ಕೆ ಎರಡು ಬಾರಿಯಾದರೂ ಫಿಸಿಯೋಥೆರಪಿಸ್ಟ್ ಕಣ್ಣೆದುರು ನಡಿಗೆ ಮತ್ತು ಕಾಲಿನ ವ್ಯಾಯಾಮ ಮಾಡಿಸುತ್ತಾರೆ. ಶುರುಮಾಡುವ ಮುನ್ನ ವೈದ್ಯರಿಂದ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ, ವ್ಯಾಯಾಮಕ್ಕೆ ಮುಂಚೆ ಇನ್ಹೇಲರ್ ಬೇಕೇ ಎಂದು ಕೇಳಿ. ನಡೆಯುವಾಗ ಆಕ್ಸಿಮೀಟರ್ 88ಕ್ಕಿಂತ ಕೆಳಗಿಳಿದರೆ ನಿಂತುಬಿಡಿ. ಎದೆ ನೋವು, ನೀಲಿಗಟ್ಟಿದ ತುಟಿ, ಕುಳಿತರೂ ಇಳಿಯದ ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.