ರಿಸಲ್ಟ್ ತಡೆಹಿಡಿದಿದ್ದಾರಾ? ಮೊದಲು ಕಾಗದ ಎಲ್ಲಿ ನಿಂತಿದೆ ನೋಡಿ

ಗೆಳೆಯರ ಮೊಬೈಲ್‌ನಲ್ಲೆಲ್ಲ ಅಂಕಗಳು ಬಂದಿರುತ್ತವೆ. ನಿಮ್ಮ ರಿಜಿಸ್ಟರ್ ನಂಬರ್ ಹಾಕಿದರೆ ಮಾತ್ರ Withheld ಎಂದು ಬರುತ್ತದೆ. ಆ ಕ್ಷಣಕ್ಕೆ ಫೇಲ್ ಆದಷ್ಟೇ ಭಯವಾಗುತ್ತದೆ. ಡಿಗ್ರಿ ಕಾಲೇಜಿನ ಕಚೇರಿಯಲ್ಲಿ ಹಲವು ವರ್ಷ ಪ್ರವೇಶ ಮತ್ತು ಪರೀಕ್ಷೆಯ ಕಡತ ನೋಡಿದವಳು ನಾನು. ಕಿಟಕಿಯ ಆಚೆ ನಿಂತು ಅತ್ತ ಮಕ್ಕಳನ್ನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರ ಉತ್ತರಪತ್ರಿಕೆ ತಿದ್ದಿ, ಅಂಕ ಹಾಕಿ ಮುಗಿದಿತ್ತು. ಎಲ್ಲೋ ಒಂದು ಮೇಜಿನ ಮೇಲೆ ಒಂದು ಕಾಗದ ನಿಂತಿತ್ತು, ಅಷ್ಟೆ. ಆ ಮೇಜು ಯಾವುದು ಅಂತ ಹುಡುಕುವುದೇ ಅರ್ಧ ಕೆಲಸ.

ತಡೆದವರು ಯಾರು?

ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳಲ್ಲಿ ಫಲಿತಾಂಶ ಪ್ರಕಟಿಸುವುದು ವಿಶ್ವವಿದ್ಯಾಲಯ, ಕಾಲೇಜಲ್ಲ. ಹಾಗಾಗಿ ನಿಮ್ಮ ಅಂಕಗಳೇ ಕಾಣದಿದ್ದರೆ ತಡೆ ವಿಶ್ವವಿದ್ಯಾಲಯದ ಕಡೆಯಿಂದ ಆಗಿದೆ. ಅಂಕ ಕಾಣುತ್ತಿದೆ, ಆದರೆ ಮಾರ್ಕ್ಸ್ ಕಾರ್ಡ್ ಅಥವಾ ಟಿಸಿ ಕೊಡುತ್ತಿಲ್ಲ ಅಂದರೆ ಅದು ಕಾಲೇಜಿನ ಕಡೆಯದು. ಇವೆರಡನ್ನೂ ಜನ ಒಂದೇ ಎಂದುಕೊಂಡು ತಪ್ಪು ಬಾಗಿಲು ತಟ್ಟುತ್ತಾರೆ, ವಾರಗಟ್ಟಲೆ ಅಲೆಯುತ್ತಾರೆ.

ಪ್ರವೇಶ, ಪರೀಕ್ಷೆ, ಫಲಿತಾಂಶ ನೋಡುವ ಸರ್ಕಾರಿ ಪೋರ್ಟಲ್ ಯುಯುಸಿಎಂಎಸ್‌ನಲ್ಲಿರುವ ಕೋರ್ಸ್ ಆದರೆ uucms.karnataka.gov.in ನಲ್ಲಿ ನಿಮ್ಮ ಲಾಗಿನ್ ತೆರೆದು ಆ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ತಾರೀಖು ಕಾಣಲಿ. ಆಮೇಲೆ ಕಾಲೇಜಿನಲ್ಲಿ ಪರೀಕ್ಷಾ ವಿಭಾಗ ನೋಡುವವರನ್ನೇ ಕೇಳಿ. ‘ರಿಸಲ್ಟ್ ಯಾಕೆ ಬಂದಿಲ್ಲ’ ಅಂತ ಕೇಳಿದರೆ ‘ಬರುತ್ತೆ ಬಿಡಮ್ಮ’ ಅನ್ನುವ ಉತ್ತರ ಸಿಗುತ್ತದೆ. ‘ಯಾವ ಕಾರಣಕ್ಕೆ ತಡೆದಿದ್ದಾರೆ, ವಿಶ್ವವಿದ್ಯಾಲಯದಿಂದ ಬಂದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಏನಿದೆ’ ಅಂತ ಕೇಳಿ. ಹೀಗೆ ಕೇಳಿದರೆ ಅವರು ಕಡತ ತೆಗೆಯಲೇಬೇಕಾಗುತ್ತದೆ.

ದಾಖಲೆ ಬಾಕಿ: ಒಂದು ನಿಜವಾದ ಕತೆ

ಕಾಸರಗೋಡಿನ ಕಡೆಯ ಒಬ್ಬ ಹುಡುಗಿ. ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಕೇರಳದ ಪ್ಲಸ್ ಟು ಮುಗಿಸಿ, ಗಡಿ ದಾಟಿ ಬಿ.ಕಾಂ.ಗೆ ಸೇರಿದಳು. ಬೇರೆ ರಾಜ್ಯದ ಬೋರ್ಡಿನಿಂದ ಬಂದವರು ವಲಸೆ ಪ್ರಮಾಣಪತ್ರ, ಅಂದರೆ ನಾವೆಲ್ಲ ಮೈಗ್ರೇಷನ್ ಅನ್ನುವುದನ್ನು ಕೊಡಬೇಕು. ಅದನ್ನೂ ಮೂಲ ಅಂಕಪಟ್ಟಿಯನ್ನೂ ನೋಡಿ ವಿಶ್ವವಿದ್ಯಾಲಯ ಅರ್ಹತೆಯನ್ನು ಒಪ್ಪುತ್ತದೆ. ಒಪ್ಪುವವರೆಗೆ ಪ್ರವೇಶ ತಾತ್ಕಾಲಿಕ. ಪರೀಕ್ಷೆ ಬರೆಯಲು ಬಿಡಬಹುದು, ಫಲಿತಾಂಶ ಮಾತ್ರ ನಿಲ್ಲುತ್ತದೆ.

ಇವಳ ಮೊದಲ ಸೆಮಿಸ್ಟರ್ ಫಲಿತಾಂಶ ನಿಂತಿತು. ಕೇಳಿದಳು, ‘ಬರುತ್ತೆ’ ಅಂದರು. ಎರಡನೆಯದೂ ನಿಂತಿತು. ಆಗ ಅವಳ ಅಪ್ಪ ಬಂದರು. ‘ಮೈಗ್ರೇಷನ್ ಅಡ್ಮಿಷನ್ ದಿನವೇ ಕೊಟ್ಟಿದ್ದೀವಿ ಮೇಡಂ’ ಅಂದರು. ಹೌದು, ಕೊಟ್ಟಿದ್ದರು. ನಾನು ಬೀರು ತೆಗೆದು ನೋಡಿದರೆ ಅವಳ ಕಡತದಲ್ಲೇ, ಜಾತಿ ಪ್ರಮಾಣಪತ್ರದ ಹಿಂದೆ, ಪಿನ್ ಹೊಡೆದು ಇಟ್ಟಿದ್ದ ಮೂಲಪ್ರತಿ ಇತ್ತು. ವಿಶ್ವವಿದ್ಯಾಲಯಕ್ಕೆ ಹೋಗಿಯೇ ಇರಲಿಲ್ಲ. ಪೋರ್ಟಲ್‌ನಲ್ಲಿ ಏರಿಸಿದ್ದು ಪ್ಲಸ್ ಟು ಅಂಕಪಟ್ಟಿಯ ಫೋಟೋ ಮಾತ್ರ, ಅದೂ ಒಂದು ಮೂಲೆ ಕತ್ತರಿಸಿ ಹೋದದ್ದು. ತಪ್ಪು ಕಚೇರಿಯದು. ವರ್ಷವಿಡೀ ಕಷ್ಟಪಟ್ಟವಳು ಮಾತ್ರ ಅವಳು.

ಅದಕ್ಕೇ ದಾಖಲೆ ಬಾಕಿ ಅಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ಕೊಟ್ಟೇ ಇಲ್ಲವೇ? ಕೊಟ್ಟಿದ್ದು ಮುಂದೆ ಹೋಗಿಲ್ಲವೇ? ಹೋಗಿದ್ದನ್ನು ಅವರು ಒಪ್ಪಿಲ್ಲವೇ? ಕೊಟ್ಟಿಲ್ಲದಿದ್ದರೆ ಮೊದಲು ಓದಿದ ಶಾಲೆ ಅಥವಾ ಬೋರ್ಡಿಗೆ ಇವತ್ತೇ ಅರ್ಜಿ ಹಾಕಿ, ಆ ಅರ್ಜಿಯ ರಸೀದಿ ತೋರಿಸಿ ಸಮಯ ಕೇಳಿ. ಮುಂದೆ ಹೋಗಿಲ್ಲದಿದ್ದರೆ ಪ್ರಾಂಶುಪಾಲರ ಕವರಿಂಗ್ ಲೆಟರ್ ಜೊತೆ ಕಳಿಸಬೇಕು. ಒಪ್ಪಿಲ್ಲದಿದ್ದರೆ ಸಾಮಾನ್ಯವಾಗಿ ಹೆಸರಿನ ಸ್ಪೆಲಿಂಗ್‌ನಲ್ಲಿ, ಇನಿಷಿಯಲ್‌ನಲ್ಲಿ ಅಥವಾ ಹುಟ್ಟಿದ ತಾರೀಖಿನಲ್ಲಿ ವ್ಯತ್ಯಾಸ ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಇದೆಯಾ ಅಂತ ಅಕ್ಷರ ಅಕ್ಷರ ಹೋಲಿಸಿ ನೋಡಿ.

ನಾವು ಮಾಡಿದ್ದು ಇಷ್ಟು. ಅವಳಿಂದ ಒಂದು ಮನವಿ ಬರೆಸಿದೆವು. ಕುಲಸಚಿವರು, ಮೌಲ್ಯಮಾಪನ ವಿಭಾಗ, ಇವರಿಗೆ, ಪ್ರಾಂಶುಪಾಲರ ಮೂಲಕ. ಅರ್ಧ ಪುಟ ಸಾಕು, ಅವಳದ್ದು ಹೀಗಿತ್ತು:

‘ವಿಷಯ: ಬಿ.ಕಾಂ. ಒಂದು ಮತ್ತು ಎರಡನೇ ಸೆಮಿಸ್ಟರ್ ಫಲಿತಾಂಶದ ತಡೆ ತೆರವು ಮಾಡುವ ಬಗ್ಗೆ. ನನ್ನ ವಲಸೆ ಪ್ರಮಾಣಪತ್ರವನ್ನು ಪ್ರವೇಶದ ದಿನವೇ ಕಾಲೇಜಿಗೆ ಸಲ್ಲಿಸಿರುತ್ತೇನೆ. ಅದರ ಮೂಲ ಮತ್ತು ದೃಢೀಕೃತ ಪ್ರತಿ ಲಗತ್ತಿಸಿದೆ. ಅರ್ಹತೆ ಪರಿಶೀಲಿಸಿ ಫಲಿತಾಂಶ ಪ್ರಕಟಿಸಲು ಕೋರುತ್ತೇನೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಅವಧಿಯನ್ನು ನನ್ನ ಫಲಿತಾಂಶ ಪ್ರಕಟವಾದ ದಿನದಿಂದ ಲೆಕ್ಕ ಹಾಕಬೇಕೆಂದೂ ಕೋರುತ್ತೇನೆ.’

ಕೊನೆಯ ಸಾಲು ಸುಮ್ನೆ ಬರೆಸಿದ್ದಲ್ಲ. ಎಲ್ಲರಿಗೂ ಮರುಮೌಲ್ಯಮಾಪನದ ಕೊನೆ ದಿನಾಂಕ ಒಂದೇ ಇರುತ್ತದೆ. ನಿಮ್ಮ ಫಲಿತಾಂಶ ಹೊರಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ಮೊದಲೇ ಬರೆದು ಕೇಳಿದ್ದರೆ ಆಮೇಲೆ ವಾದಿಸಲು ಒಂದು ಆಧಾರ ಇರುತ್ತದೆ.

ಮನವಿಯ ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಈ ನಂಬರ್ ಇಲ್ಲದೆ ಕೊಟ್ಟ ಕಾಗದ ಕೊಡದ ಕಾಗದಕ್ಕೆ ಸಮ. ಮುಂದೆ ಫೋನ್ ಮಾಡಿದಾಗ ಹೆಸರು ಹೇಳಬೇಡಿ, ನಂಬರ್ ಹೇಳಿ. ಕೇಸ್ ವರ್ಕರ್ ಆ ನಂಬರಿನಿಂದಲೇ ಕಡತ ಹುಡುಕುವುದು.

ಇದೆಲ್ಲ ನಡೆಯುವಾಗ ಮುಂದಿನ ಸೆಮಿಸ್ಟರಿನ ಪರೀಕ್ಷಾ ಅರ್ಜಿ, ಶುಲ್ಕ ಯಾವುದನ್ನೂ ಬಿಡಬೇಡಿ. ‘ಹಿಂದಿನದ್ದೇ ಬಂದಿಲ್ಲ, ಇದನ್ನ ಯಾಕೆ ಕಟ್ಟೋದು’ ಅಂತ ಬಿಟ್ಟು ಒಂದು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ.

ಶುಲ್ಕ ಬಾಕಿ

ಇಲ್ಲಿ ಎರಡು ಬೇರೆ ಬೇರೆ ದುಡ್ಡು ಇದೆ. ಪರೀಕ್ಷಾ ಶುಲ್ಕ ವಿಶ್ವವಿದ್ಯಾಲಯಕ್ಕೆ ಸೇರುವುದು. ಖಾತೆಯಿಂದ ಹಣ ಕಟ್ ಆಗಿ, ಪೋರ್ಟಲ್‌ನಲ್ಲಿ ಜಮಾ ತೋರಿಸದೆ ಇರುವುದು ಜಾಸ್ತಿ. ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಒಂದು ಸಾಲು ಮತ್ತು ವ್ಯವಹಾರದ ನಂಬರ್ ಲಗತ್ತಿಸಿ ಬರೆದರೆ ಇದು ಬಗೆಹರಿಯುತ್ತದೆ. ಹಣ ನಿಮ್ಮ ಖಾತೆಗೇ ವಾಪಸ್ ಬಂದಿದೆಯಾ ಅಂತಲೂ ಮೊದಲು ನೋಡಿಕೊಳ್ಳಿ.

ಕಾಲೇಜಿನ ಬೋಧನಾ ಶುಲ್ಕ ಬೇರೆ. ಬಡ ಮಕ್ಕಳ ಮಟ್ಟಿಗೆ ಇದರ ಬೇರು ಎಷ್ಟೋ ಸಲ ವಿದ್ಯಾರ್ಥಿವೇತನದಲ್ಲಿರುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾಗಿರುತ್ತದೆ, ಆದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಹಣ ಬಂದಿರುವುದಿಲ್ಲ. ಕಾಲೇಜಿನ ಲೆಕ್ಕದಲ್ಲಿ ಮಾತ್ರ ನೀವು ಬಾಕಿದಾರರು. ಎಸ್‌ಎಸ್‌ಪಿಯ ಸ್ಥಿತಿ ತೋರಿಸುವ ಪುಟದ ಪ್ರಿಂಟ್ ತೆಗೆದು, ಬ್ಯಾಂಕಿನಲ್ಲಿ ಜೋಡಣೆ ಸರಿಪಡಿಸಿದ ಪುರಾವೆ ಸೇರಿಸಿ, ‘ಹಣ ಬಂದ ಕೂಡಲೇ ಕಟ್ಟುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಡಿ. ವಿದ್ಯಾರ್ಥಿವೇತನ ಇಲ್ಲದವರು ಕಂತಿನ ದಿನಾಂಕ ಹಾಕಿ ಮುಚ್ಚಳಿಕೆ ಕೊಡಬಹುದು. ಕೊಡುವ ಮೊದಲು ಬಾಕಿಯ ವಿವರವನ್ನು ಬರವಣಿಗೆಯಲ್ಲಿ ಕೇಳಿ. ಯಾವ ವರ್ಷದ್ದು, ಯಾವ ಬಾಬ್ತು, ಎಷ್ಟು. ನಿಮ್ಮ ರಸೀದಿಗಳ ಜೊತೆ ಹೋಲಿಸಿದರೆ ಕೆಲವೊಮ್ಮೆ ಬಾಕಿಯೇ ಕಡಿಮೆಯಾಗುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಕಾಲೇಜು ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಪರಿಶೀಲಿಸಿ, ಪ್ರತಿ ಇಟ್ಟುಕೊಂಡು, ಮೂಲ ವಾಪಸ್ ಕೊಡಬೇಕು. ಹಾಗಂತ ನಿಮ್ಮ ಸಾಲ ತೀರಿತು ಅಂತಲ್ಲ. ಬಾಕಿ ಬಾಕಿಯೇ. ಆದರೆ ಅದನ್ನು ವಸೂಲಿ ಮಾಡುವ ದಾರಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವುದಲ್ಲ.

ಪರೀಕ್ಷಾ ಅಕ್ರಮ, ಶಿಸ್ತು ಕ್ರಮ

ಕಾಪಿ ಹೊಡೆದ ಆರೋಪವಿದ್ದರೆ ಸಮಿತಿ ಕೂತು ತೀರ್ಮಾನಿಸುವವರೆಗೆ ಫಲಿತಾಂಶ ನಿಲ್ಲುತ್ತದೆ. ಇಲ್ಲಿ ಅವಸರ ಮಾಡಿದರೆ ಕೆಡುತ್ತದೆ. ನೋಟಿಸ್ ಬಂದರೆ ಕೊಠಡಿ ಮೇಲ್ವಿಚಾರಕರ ವರದಿ ಮತ್ತು ವಶಪಡಿಸಿಕೊಂಡ ಚೀಟಿಯ ಪ್ರತಿ ಕೊಡಿ ಎಂದು ಬರೆದು ಕೇಳಿ. ಆ ಚೀಟಿ ಯಾರ ಕೈಬರಹ, ಎಲ್ಲಿ ಸಿಕ್ಕಿತು, ಅದರಲ್ಲಿದ್ದದ್ದು ಉತ್ತರದಲ್ಲಿ ಬರೆದಿದೆಯೇ, ಇವೇ ಮುಖ್ಯ ಪ್ರಶ್ನೆಗಳು. ಪಕ್ಕದವರು ಬರೆದುಕೊಟ್ಟ ಮಾದರಿ ಉತ್ತರಕ್ಕೆ ಸಹಿ ಹಾಕಬೇಡಿ. ಆದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ವಿಚಾರಣೆಗೆ ಕರೆದ ದಿನ ತಪ್ಪಿಸಬೇಡಿ, ತಪ್ಪಿಸಿದರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗಬಹುದು.

ರ‍್ಯಾಗಿಂಗ್ ಪ್ರಕರಣ ಬೇರೆಯದೇ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳಲ್ಲಿ ಫಲಿತಾಂಶ ತಡೆಹಿಡಿಯುವುದೇ ಒಂದು ಶಿಕ್ಷೆ. ಆ ಆದೇಶದ ಮೇಲೆ, ಸಂಯೋಜಿತ ಕಾಲೇಜಿನವರಾದರೆ, ಕುಲಪತಿಗಳಿಗೆ ಮೇಲ್ಮನವಿ ಹಾಕಬಹುದು. ಬೇರೆ ಯಾವುದೇ ಶಿಸ್ತು ಕಾರಣ ಹೇಳಿದರೂ ಲಿಖಿತ ಆದೇಶದ ಪ್ರತಿ ಕೇಳಿ. ಬಾಯಿಮಾತಿನ ತಡೆಗೆ ಮೇಲ್ಮನವಿ ಹಾಕಲು ಆಗುವುದಿಲ್ಲ.

ಉತ್ತರವೇ ಬರದಿದ್ದರೆ

ಯುಜಿಸಿಯ 2023ರ ನಿಯಮದ ಪ್ರಕಾರ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ನಿಗದಿತ ವೇಳಾಪಟ್ಟಿ ಮೀರಿ ಫಲಿತಾಂಶ ತಡವಾದರೆ ಅದೂ ಈ ನಿಯಮದಲ್ಲಿ ಕುಂದುಕೊರತೆಯೇ. ಸಮಿತಿ ದೂರು ಸಿಕ್ಕ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ಸರಿಹೋಗದಿದ್ದರೆ 15 ದಿನದೊಳಗೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್‌ಗೆ ಹೋಗಬಹುದು.

ಜೊತೆಗೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ‘ಯಾಕೆ ತಡೆದಿರಿ’ ಅಂತ ಕೇಳುವುದಕ್ಕಿಂತ ‘ಈ ರಿಜಿಸ್ಟರ್ ನಂಬರಿನ ಫಲಿತಾಂಶ ತಡೆದ ಆದೇಶದ ಪ್ರತಿ, ಕಡತದ ಟಿಪ್ಪಣಿ ಹಾಳೆಯ ಪ್ರತಿ, ಇಂಥ ಇನ್‌ವರ್ಡ್ ನಂಬರಿನ ಮನವಿಯ ಮೇಲೆ ತೆಗೆದುಕೊಂಡ ಕ್ರಮದ ಪ್ರತಿ’ ಎಂದು ಕೇಳಿ. ಕಾಗದ ಕೇಳಿದರೆ ಕಾಗದ ಸಿಗುತ್ತದೆ. ಸೀಟು ಅಥವಾ ಕೆಲಸ ಕೈತಪ್ಪುವ ಹಾಗಿದ್ದರೆ ಇಷ್ಟು ದಿನ ಕಾಯಬೇಡಿ, ಆ ಸೀಟಿನ ಅಥವಾ ಕೆಲಸದ ಪತ್ರದ ಪ್ರತಿ ಲಗತ್ತಿಸಿ, ಕೊನೆ ದಿನಾಂಕಕ್ಕೆ ಕೆಂಪು ಗೆರೆ ಹಾಕಿ, ಕುಲಸಚಿವರನ್ನೇ ಕಂಡು ಕೊಡಿ.

ಕಾಸರಗೋಡಿನ ಹುಡುಗಿಯ ಫಲಿತಾಂಶ ಮನವಿ ಕೊಟ್ಟು ಮೂರು ವಾರಕ್ಕೆ ಬಂತು. ಒಂದು ವಿಷಯದಲ್ಲಿ ಪಾಸಾಗಲು ಎರಡು ಅಂಕ ಕಡಿಮೆ ಇತ್ತು. ಮರುಮೌಲ್ಯಮಾಪನದ ದಿನಾಂಕ ಮುಗಿದು ಆಗಲೇ ತಿಂಗಳಾಗಿತ್ತು. ಸೀಲು ಬಿದ್ದ ಆ ಮನವಿಯ ಪ್ರತಿಯನ್ನು ಅವಳ ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದರ ಕೊನೆಯ ಸಾಲು ತೋರಿಸಿದ ಮೇಲೆ ಅವಳ ಅರ್ಜಿ ತೆಗೆದುಕೊಂಡರು.