5 ಕಿಲೋವ್ಯಾಟ್ ಎಲ್ಲಿಂದ ಬಂತು?

ಹುಬ್ಬಳ್ಳಿ ವಿದ್ಯಾನಗರದ ಒಂದು ಆಫೀಸ್ ಮಹಡಿಗೆ ಏಸಿ ಲೆಕ್ಕ ಹಾಕುತ್ತಿದ್ದೆ. 40 ಜನ, ಪಶ್ಚಿಮಕ್ಕೆ ಇಡೀ ಗೋಡೆಯೇ ಒಂಟಿ ಪದರದ ಗಾಜು. ಏಪ್ರಿಲ್ ಸಂಜೆ 4ರ ಸೆನ್ಸಿಬಲ್ ಲೋಡ್, ಅಂದರೆ ಗಾಳಿಯ ಉಷ್ಣತೆ ಏರಿಸುವ ಶಾಖ, ಎರಡು ವಿಧಾನಗಳಲ್ಲಿ ಬೇರೆ ಬೇರೆ ಬಂತು: ರೇಡಿಯಂಟ್ ಟೈಮ್ ಸೀರೀಸ್‌ನಲ್ಲಿ 46 ಕಿಲೋವ್ಯಾಟ್, ಹೀಟ್ ಬ್ಯಾಲೆನ್ಸ್‌ನಲ್ಲಿ 41.

"ಅಲ್ರೀ, ಬೆವರಿನ ಲೆಕ್ಕ ತಪ್ಪಿರಬೇಕು ನೋಡ್ರಿ" ಅಂದರು ಜೊತೆಗಾರರು. ಅದು ಸೆನ್ಸಿಬಲ್‌ಗೆ ಸೇರುವುದೇ ಇಲ್ಲ. ಆದರೂ ನೋಡಿದೆ: ತಲೆಗೆ 55 ವ್ಯಾಟ್‌ನಂತೆ 2.2 ಕಿಲೋವ್ಯಾಟ್, ಎರಡರಲ್ಲೂ ಅಷ್ಟೇ. ತೇವದ ಜೊತೆ ಬರುವ ಇಂಥ ಲೇಟೆಂಟ್ ಶಾಖ ಗೋಡೆ, ನೆಲದಲ್ಲಿ ತಂಗುವುದಿಲ್ಲ. ಆ ಕ್ಷಣದಲ್ಲೇ ಲೋಡ್ ಆಗುತ್ತದೆ.

ಆಮೇಲೆ ಎರಡೂ ಲೆಕ್ಕದಲ್ಲಿ ಗಾಜನ್ನು ಜೋಡಿ ಪದರ ಮಾಡಿದೆ. ಅಂತರ 1 ಕಿಲೋವ್ಯಾಟ್‌ಗಿಂತ ಕೆಳಗಿಳಿಯಿತು. ಕಳ್ಳ ಗಾಜಿನಲ್ಲೇ ಇದ್ದ.

ಬಿಸಿಲು ಕಾಯಿಸಿದ ನೆಲ ಗಾಜಿನತ್ತಲೂ ಶಾಖ ಸೂಸುತ್ತದೆ. ಒಳಮೈ ಬಿಸಿಯಾದ ಗಾಜು ಹೊರಗಿನಿಂದ ಕಡಿಮೆ ಶಾಖ ಎಳೆಯುತ್ತದೆ. ಹೀಟ್ ಬ್ಯಾಲೆನ್ಸ್ ಪ್ರತಿ ಮೇಲ್ಮೈಯ ಉಷ್ಣತೆ ಬಿಡಿಸುವುದರಿಂದ ಇದನ್ನು ಹಿಡಿಯುತ್ತದೆ. ಇನ್ನೊಂದು ವಿಧಾನ ಒಳಬಂದ ಕಿರಣಶಾಖವನ್ನೆಲ್ಲ 24 ಗಂಟೆಗೆ ಹಂಚಿ, ಒಂದಿಷ್ಟೂ ಬಿಡದೆ ಲೋಡ್ ಮಾಡುತ್ತದೆ. ಗಾಜು ಕಡಿಮೆಯಿದ್ದರೆ ಅದೇ ಸಾಕು, ಸ್ಪ್ರೆಡ್‌ಶೀಟ್‌ನಲ್ಲೇ ಮುಗಿಯುತ್ತದೆ.

ಇಲ್ಲಿ 41 ಹಿಡಿದೆ. ಆದರೆ ಗಾಳಿ ತಂಪಾಗಿಸುವ ಕಾಯಿಲ್‌ನ ಲೇಟೆಂಟ್ ಅನ್ನು ಜುಲೈಗೆ ಬೇರೆಯಾಗಿಯೇ ನೋಡಿದೆ. ಸೆಕೆಂಡಿಗೆ 400 ಲೀಟರ್ ಹೊರಗಾಳಿ, ತೇವದ ವ್ಯತ್ಯಾಸ ಕಿಲೋಗೆ 7 ಗ್ರಾಂ, ಇವನ್ನು ವ್ಯಾಟ್‌ಗೆ ತರುವ ಗುಣಾಂಕ 3.01:

```
3.01 × 400 × 7 = 8428 W
```

ಬೆವರಿನ ನಾಲ್ಕು ಪಟ್ಟು ಹತ್ತಿರ! ಏಪ್ರಿಲ್ ಒಂದನ್ನೇ ನಂಬಿದ್ದರೆ ಮಳೆಗಾಲದಲ್ಲಿ ಫೈಲುಗಳು ಮೆತ್ತಗಾಗುತ್ತಿದ್ದವು.