ಉಪ್ಪಿನಕಾಯಿ ಬಾಟಲಿ ಸೋರದೆ, ಒಡೆಯದೆ ಊರು ಸೇರಬೇಕೆಂದರೆ

ಶಿರಸಿಯಿಂದ ಪುಣೆಯಲ್ಲಿರುವ ಮಗಳ ಮನೆಗೆ ಅರ್ಧ ಕೆ.ಜಿ.ಯ ಎರಡು ಗಾಜಿನ ಬಾಟಲಿ ಮಿಡಿ ಉಪ್ಪಿನಕಾಯಿ ಕಳಿಸಬೇಕು ಅಂದುಕೊಳ್ಳಿ. ಗಾಜು ಒಡೆದೀತು ಎಂಬ ಭಯ ಎಲ್ಲರಿಗೂ ಇರುತ್ತದೆ. ಆದರೆ ಗಾಜು ಗಟ್ಟಿಯಾಗಿದ್ದೂ ಮುಚ್ಚಳದ ಸಂದಿಯಿಂದ ರಸ ಜಿನುಗಿ ಪೆಟ್ಟಿಗೆ ಹಾಳಾಗುವುದೂ ಉಂಟು. ರಸ ಕುಡಿದ ರಟ್ಟು ಮೆತ್ತಗಾಗುತ್ತದೆ, ಮೇಲೆ ಬೇರೆ ಮೂಟೆ ಬಿದ್ದಾಗ ಕುಸಿಯುತ್ತದೆ, ಆಮೇಲೆ ಒಳಗಿನ ಗಾಜೂ ಒಡೆಯುತ್ತದೆ. ಹಾಗಾಗಿ ಮೊದಲು ಸೋರಿಕೆ ತಡೆಯಬೇಕು, ಪ್ಯಾಕಿಂಗ್ ಆಮೇಲೆ.

ಬಾಟಲಿಯ ಬಾಯಿ

ಹೊಸದಾಗಿ ಹಾಕಿದ ಮಿಡಿಯನ್ನು ಆಗಲೇ ಕಳಿಸಬೇಡಿ. ಉಪ್ಪುನೀರಿನಲ್ಲಿ ಹುಳಿಯುವಾಗ ಅದರಲ್ಲಿ ಗಾಳಿ ಹುಟ್ಟುತ್ತದೆ. ಮುಚ್ಚಳ ತೆಗೆದಾಗ ಬುಸ್ ಎಂದರೆ, ರಸದಲ್ಲಿ ಗುಳ್ಳೆ ಏಳುತ್ತಿದ್ದರೆ ಇನ್ನೂ ಕಾಯಬೇಕು. ಬಿಸಿಲಲ್ಲಿ ನಿಂತ ಲಾರಿಯೊಳಗೆ ಆ ಒತ್ತಡ ಇನ್ನೂ ಹೆಚ್ಚಿ ರಸವನ್ನು ಹೊರಗೆ ನೂಕುತ್ತದೆ.

ತುಂಬುವಾಗ ಮೇಲೆ ಎರಡು ಬೆರಳಗಲ ಜಾಗ ಬಿಡಿ. ಬಾಟಲಿಯ ಅಂಚು, ಮುಚ್ಚಳದ ಒಳಗಿನ ತಿರುಪು ಎರಡನ್ನೂ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಅಲ್ಲಿ ಒಂದು ಸಾಸಿವೆ ಚೂರು ಕೂತರೂ ಮುಚ್ಚಳ ಪೂರ್ತಿ ಬಿಗಿಯಾಗುವುದಿಲ್ಲ. ಆಹಾರಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಬಾಯಿಗೆ ಹೊದಿಸಿ, ಅದರ ಮೇಲೆ ಮುಚ್ಚಳ ತಿರುಗಿಸಿ. ಸಂದಿಯ ಮೇಲೆ ಟೇಪ್ ಸುತ್ತುವಾಗ ಮುಚ್ಚಳ ಬಿಗಿಯಾಗುವ ದಿಕ್ಕಿನಲ್ಲೇ ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ಆ ಎಳೆತಕ್ಕೇ ಮುಚ್ಚಳ ಸಡಿಲವಾದೀತು.

ಈಗ ಬಾಟಲಿಯನ್ನು ಪೇಪರಿನ ಮೇಲೆ ತಲೆಕೆಳಗಾಗಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಪೇಪರಿನಲ್ಲಿ ಎಣ್ಣೆಯ ಕಲೆ ಕಂಡರೆ ಆ ಮುಚ್ಚಳವನ್ನು ನಂಬಬೇಡಿ, ಬೇರೆಯದು ಹಾಕಿ. ಈ ಒಂದು ಪರೀಕ್ಷೆಯನ್ನು ಮಾತ್ರ ಯಾವ ಅವಸರದಲ್ಲೂ ಬಿಡಬಾರದು. ಕಲೆ ಇಲ್ಲದಿದ್ದರೆ ಬಾಟಲಿಗೆ ಹಳೆ ಹತ್ತಿ ಬಟ್ಟೆ ಸುತ್ತಿ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹೊರಗೆ ಒತ್ತಿ, ಗಂಟು ಕಟ್ಟಿ. ಅದರ ಮೇಲೆ ಇನ್ನೊಂದು ಕವರ್. ರಸ ಜಿನುಗಿದರೂ ಬಟ್ಟೆ ಹೀರಿಕೊಳ್ಳುತ್ತದೆ, ರಟ್ಟಿಗೆ ತಾಗುವುದಿಲ್ಲ.

ಪೆಟ್ಟಿಗೆಯೊಳಗೆ

ಬಾಟಲಿ ಒಡೆಯಲು ಎರಡು ದಾರಿ: ಒಂದಕ್ಕೊಂದು ಬಡಿಯುವುದು ಮತ್ತು ಪೆಟ್ಟಿಗೆಯ ಗೋಡೆಯಿಂದ ನೇರ ಏಟು ಬೀಳುವುದು. ಪ್ರತಿ ಬಾಟಲಿಗೂ ಬಬಲ್ ರ‍್ಯಾಪ್ ಮೂರು ಸುತ್ತು ಬೇಕು. ತಳಕ್ಕೂ ಮುಚ್ಚಳಕ್ಕೂ ಬೇರೆಯಾಗಿ ಮಡಿಸಿದ ತುಂಡು ಇಡಿ, ಏಕೆಂದರೆ ಸುತ್ತುವಾಗ ಬರಿದಾಗಿ ಉಳಿಯುವುದು ಅವೆರಡೇ ಕಡೆ. ಎರಡು ಬಾಟಲಿಗಳ ನಡುವೆ ರಟ್ಟಿನ ಅಡ್ಡಗೋಡೆ ನಿಲ್ಲಿಸಿ.

ಐದು ಪದರದ ಹೊಸ ರಟ್ಟಿನ ಪೆಟ್ಟಿಗೆಯೇ ಬೇಕು. ಅಂಗಡಿಯಿಂದ ತಂದ ಹಳೆಯದರ ಮೂಲೆಗಳು ಮೊದಲೇ ಸೋತಿರುತ್ತವೆ. ಆರೂ ಕಡೆ ಐದು ಸೆಂ.ಮೀ. ಜಾಗ ಬಿಟ್ಟು, ಆ ಜಾಗಕ್ಕೆ ಬಿಗಿಯಾಗಿ ಉಂಡೆ ಕಟ್ಟಿದ ಪೇಪರ್ ತುರುಕಿ. ಸಡಿಲ ಉಂಡೆ ಭಾರಕ್ಕೆ ಚಪ್ಪಟೆಯಾಗುತ್ತದೆ. ಥರ್ಮಾಕೋಲ್ ಕಾಳು ಅಲುಗಾಡಿ ಪಕ್ಕಕ್ಕೆ ಸರಿಯುತ್ತದೆ, ಬಾಟಲಿ ತಳಕ್ಕೆ ಇಳಿಯುತ್ತದೆ. ಮುಚ್ಚುವ ಮುನ್ನ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಏನಾದರೂ ಸರಿದ ಸದ್ದು ಬಂದರೆ ಇನ್ನಷ್ಟು ತುಂಬಿ. ನಂತರ ನಡುವಿನ ಸೀಳಿಗೂ ಎರಡು ಬದಿಯ ಅಂಚುಗಳಿಗೂ ಅಗಲದ ಟೇಪ್ ಹಚ್ಚಿ. ವಿಳಾಸದ ಇನ್ನೊಂದು ಚೀಟಿಯನ್ನು ಒಳಗೂ ಇಡಿ.

‘ಗಾಜು, ಜೋಪಾನ’ ಎಂದು ಬರೆಯಿರಿ, ಆದರೆ ಅದನ್ನೇ ನೆಚ್ಚಬೇಡಿ. ರಾಶಿಯಲ್ಲಿ ನಿಮ್ಮ ಪೆಟ್ಟಿಗೆ ಯಾವ ಮಗ್ಗುಲಾಗಿ ಬೀಳುತ್ತದೋ ಹೇಳಲಾಗದು. ಧೈರ್ಯ ಬರಬೇಕಾದರೆ ಒಮ್ಮೆ ಅಂಥದ್ದೇ ಬಾಟಲಿಗಳಲ್ಲಿ ನೀರು ತುಂಬಿ, ಹೀಗೇ ಪ್ಯಾಕ್ ಮಾಡಿ, ಮೇಜಿನೆತ್ತರದಿಂದ ಆರೂ ಮಗ್ಗುಲಿಗೆ, ಕೊನೆಗೆ ಒಂದು ಮೂಲೆಗೆ ಬೀಳಿಸಿ ನೋಡಿ.

ಖರ್ಚಿನ ಮಾತು

ನಮ್ಮ ಎರಡು ಬಾಟಲಿಗಳ ಪೆಟ್ಟಿಗೆ ಸುಮಾರು 35 ಸೆಂ.ಮೀ. ಉದ್ದ, 22 ಅಗಲ, 26 ಎತ್ತರ ಆಗುತ್ತದೆ. ತಕ್ಕಡಿಯಲ್ಲಿ ಎರಡು ಕೆ.ಜಿ. ದಾಟಿದರೆ ಹೆಚ್ಚು. ಆದರೆ ಹಲವು ಕೊರಿಯರ್‌ನವರು ಮೂರೂ ಅಳತೆ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕದಲ್ಲಿ ನಾಲ್ಕು ಕೆ.ಜಿ. ಬರುತ್ತದೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ದುಡ್ಡು. ಹಾಗಾಗಿ ಮಗಳು ಹೇಗೂ ತನ್ನ ಭರಣಿಗೆ ಸುರಿದುಕೊಳ್ಳುವವಳಾದರೆ, ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಸೋರಿಕೆಯ ಎಚ್ಚರ ಅದಕ್ಕೂ ಅಷ್ಟೇ ಬೇಕು, ಸುತ್ತಲಿನ ಜಾಗ ಮಾತ್ರ ಕಡಿಮೆ ಸಾಕು. ಗಾಜು ಉಡುಗೊರೆಗೆ ಇರಲಿ.

ಬುಕ್ ಮಾಡುವಾಗ ಒಳಗಿರುವುದು ಉಪ್ಪಿನಕಾಯಿ ಎಂದೇ ಹೇಳಿ, ರಸ್ತೆ ಮಾರ್ಗ ಕೇಳಿ. ಎಣ್ಣೆ, ರಸ ಇರುವ ಪದಾರ್ಥವನ್ನು ವಿಮಾನಕ್ಕೆ ಒಪ್ಪದೆ ಹಿಂದಿರುಗಿಸುವುದುಂಟು. ಸೋರಿದರೆ, ಒಡೆದರೆ ಪರಿಹಾರ ಸಿಗುತ್ತದೆಯೇ ಎಂದೂ ಆಗಲೇ ಕೇಳಿಕೊಳ್ಳಿ.

ಪೆಟ್ಟಿಗೆ ಬಿಚ್ಚುವಾಗಲೇ ಫೋಟೊ ತೆಗೆಯಲು ಮಗಳಿಗೆ ಹೇಳಿರಿ. ಕವರ್ ತೆಗೆದ ಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು ಕುತ್ತಿಗೆಯ ಸುತ್ತ ನೋಡಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಬಾಟಲಿಯ ಉಪ್ಪಿನಕಾಯಿಯನ್ನು ಪೂರ್ತಿ ಚೆಲ್ಲಬೇಕು. ರಸದೊಳಗೆ ಸೇರಿದ ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ.